ಮೂರು ಗಂಟೆಗೊಂದು ಸಿರಪ್, ನಾನು ಓದದೆ ಬಿಟ್ಟ ಒಂದು ಸಾಲು

"ಮಗಳಿಗೆ ಎರಡೂವರೆ ವರ್ಷ. ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಇಳಿಯುತ್ತೆ, ನಾಲ್ಕು ಗಂಟೆ ಕಳೆದರೆ ಮತ್ತೆ 102. ನಡುವೆ ಐಬುಪ್ರೊಫೇನ್ ಕೊಡಬಹುದಾ? ಎರಡರ ಮಧ್ಯೆ ಎಷ್ಟು ಗಂಟೆ ಬಿಡಬೇಕು?"

ನಾನೂ ಇದನ್ನೇ ಕೇಳಿದ್ದೆ, ನನ್ನ ಅಕ್ಕನನ್ನು. "ಮೂರು ಗಂಟೆಗೊಂದು ಕೊಡು, ಒಂದಾದ ಮೇಲೆ ಒಂದು" ಅಂದಳು. ಅವಳ ಮಕ್ಕಳಿಗೆ ಹಾಗೇ ಕೊಟ್ಟಿದ್ದಳಂತೆ.

ಜುಲೈ ತಿಂಗಳು, ಶನಿವಾರ ರಾತ್ರಿ. ನನ್ನ ಮಗನಿಗೆ ಮೂರು ವರ್ಷ, ತೂಕ 12 ಕೆ.ಜಿ. ಜ್ವರ 103. ಮನೆಯಲ್ಲಿ ಡಾಕ್ಟರ್ ಬರೆದುಕೊಟ್ಟಿದ್ದ ಪ್ಯಾರಾಸಿಟಮಾಲ್ ಸಿರಪ್ ಇತ್ತು. 5 ಎಂ.ಎಲ್.ನಲ್ಲಿ 250 ಮಿ.ಗ್ರಾಂ ಇರುವಂಥದ್ದು. ಅವನಿಗೆ 3.5 ಎಂ.ಎಲ್., ಅಂದರೆ 175 ಮಿ.ಗ್ರಾಂ. ಒಂದು ಕೆ.ಜಿ. ತೂಕಕ್ಕೆ ಒಂದು ಸಲಕ್ಕೆ 15 ಮಿ.ಗ್ರಾಂ ಅನ್ನೋ ಲೆಕ್ಕಕ್ಕೆ ಅದು ಸರಿಯಾಗೇ ಇತ್ತು. ಅಲ್ಲಿಗೇ ನಿಂತಿದ್ದರೆ ಸಾಕಿತ್ತು.

ನಮ್ಮವರು ಮೆಡಿಕಲ್ ಶಾಪಿಗೆ ಹೋಗಿ "ಮಕ್ಕಳ ಐಬುಪ್ರೊಫೇನ್ ಸಿರಪ್ ಕೊಡಿ" ಅಂತ ಕೇಳಿ ಒಂದು ಬಾಟಲಿ ತಂದರು. ನಾನು ಅಡುಗೆಮನೆ ಕ್ಯಾಲೆಂಡರ್ ಮೇಲೆ ಬರೆದೆ: 6 ಮತ್ತು 12ಕ್ಕೆ ಗುಲಾಬಿ, 3 ಮತ್ತು 9ಕ್ಕೆ ಕಿತ್ತಳೆ. ಗುಲಾಬಿ ಅಂದರೆ ಪ್ಯಾರಾಸಿಟಮಾಲ್, ಕಿತ್ತಳೆ ಅಂದರೆ ಹೊಸ ಬಾಟಲಿ. ಔಷಧದ ಹೆಸರು ಬರೆಯಲಿಲ್ಲ, ಬಣ್ಣ ಬರೆದೆ. ರಾತ್ರಿ ನಿದ್ದೆಗಣ್ಣಲ್ಲಿ ಯಾರು ಎದ್ದರೂ ಗೊತ್ತಾಗಲಿ ಅಂತ. ಅತ್ತೆ, ನಾನು, ನಮ್ಮವರು ಮೂವರೂ ಸರದಿ ಮೇಲೆ ಎದ್ದು ಕೊಟ್ಟೆವು. ಒಂದು ಡೋಸ್ ತಪ್ಪಿಸಲಿಲ್ಲ. ಮಲಗಿದ್ದ ಮಗುವನ್ನು ಎಬ್ಬಿಸಿ ಕೂಡ ಕೊಟ್ಟೆವು.

ಸೋಮವಾರ ಬೆಳಿಗ್ಗೆ ಅವನು ಎರಡು ಸಲ ವಾಂತಿ ಮಾಡಿದ, ಹೊಟ್ಟೆ ಹಿಡಿದುಕೊಂಡು ಅತ್ತ. ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಮೊದಲು ಕೇಳಿದ್ದು ಬಾಟಲಿಗಳನ್ನ. ಕಿತ್ತಳೆ ಬಾಟಲಿ ತಿರುಗಿಸಿ, ಹಿಂದಿನ ಚಿಕ್ಕ ಅಕ್ಷರದ ಕೆಳಗೆ ಹೆಬ್ಬೆರಳಿನ ಉಗುರಿಟ್ಟು, "ಓದಮ್ಮ" ಅಂದರು. ಐಬುಪ್ರೊಫೇನ್ 100 ಮಿ.ಗ್ರಾಂ. ಅದರ ಕೆಳಗೆ ಇನ್ನೊಂದು ಸಾಲು: ಪ್ಯಾರಾಸಿಟಮಾಲ್ 162.5 ಮಿ.ಗ್ರಾಂ.

ನನ್ನ ತಪ್ಪು ಇದೇ. ಇದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ನಮ್ಮ ದೇಶದಲ್ಲಿ ತುಂಬಾ ಸುಲಭವಾಗಿ ಆಗುವ ತಪ್ಪು. ಇಲ್ಲಿ ಐಬುಪ್ರೊಫೇನ್ ಒಂದೇ ಇರುವ ಮಕ್ಕಳ ಸಿರಪ್ ಸಿಗುತ್ತೆ. ಪ್ಯಾರಾಸಿಟಮಾಲ್ ಜೊತೆ ಸೇರಿಸಿದ್ದೂ ಸಿಗುತ್ತೆ. ಬಾಟಲಿಯ ಮುಂಭಾಗದಲ್ಲಿರುವ ಹೆಸರು ಹೆಚ್ಚುಕಡಿಮೆ ಒಂದೇ, ಕೊನೆಗೆ 'ಪ್ಲಸ್' ಅಂತಲೋ ಏನೋ ಒಂದು ಪದ ಅಂಟಿಕೊಂಡಿರುತ್ತೆ, ಅಷ್ಟೇ. ಜ್ವರಕ್ಕೆ ಕೊಡುವ ಇನ್ನೊಂದು ಔಷಧ ಮೆಫೆನಾಮಿಕ್ ಆ್ಯಸಿಡ್, ಅದರ ಸಿರಪ್‌ಗಳಲ್ಲೂ ಇದೇ ಕಥೆ. ನಾನು ಎರಡು ಬೇರೆ ಬೇರೆ ಔಷಧ ಕೊಡ್ತಿದ್ದೀನಿ, ಆರು ಗಂಟೆ ಅಂತರ ಕಾಯ್ತಿದ್ದೀನಿ ಅಂದುಕೊಂಡಿದ್ದೆ. ನಿಜಕ್ಕೂ ಅವನ ಹೊಟ್ಟೆಗೆ ಮೂರು ಗಂಟೆಗೊಮ್ಮೆ ಪ್ಯಾರಾಸಿಟಮಾಲ್ ಹೋಗ್ತಿತ್ತು.

ಲೆಕ್ಕ ಹಾಕಿ ನೋಡಿ. ದಿನಕ್ಕೆ ಗುಲಾಬಿ ನಾಲ್ಕು ಸಲ, 700 ಮಿ.ಗ್ರಾಂ. ಕಿತ್ತಳೆ 5 ಎಂ.ಎಲ್.ನಂತೆ ನಾಲ್ಕು ಸಲ, ಅದರಲ್ಲಿ ಪ್ಯಾರಾಸಿಟಮಾಲ್ 650. ಒಟ್ಟು 1350 ಮಿ.ಗ್ರಾಂ. ದಿನಕ್ಕೆ ಕೆ.ಜಿ.ಗೆ 60 ಮಿ.ಗ್ರಾಂ ಮೀರಬಾರದು ಅಂದರೆ ಅವನ ಮಿತಿ 720. ಹತ್ತಿರ ಹತ್ತಿರ ಎರಡು ಪಟ್ಟು. ಇನ್ನೂ ಎರಡು ಮೂರು ದಿನ ಹಾಗೇ ಮುಂದುವರಿಸಿದ್ದರೆ ಲಿವರ್‌ಗೆ ಏಟು ಬೀಳುವ ಭಯ ಇತ್ತು. ಇದರ ಕೆಟ್ಟ ಗುಣ ಅಂದ್ರೆ, ಮೊದಲ ಲಕ್ಷಣಗಳು ವಾಂತಿ, ಸುಸ್ತು, ಊಟ ಬೇಡ ಅನ್ನೋದು. ಎಲ್ಲ ಜ್ವರದಲ್ಲೂ ಅದೇ ತಾನೆ ಇರೋದು? ನೋಡಿದ ಮಾತ್ರಕ್ಕೆ ಗೊತ್ತಾಗಲ್ಲ. ರಕ್ತ ತೆಗೆದು ಲಿವರ್ ಪರೀಕ್ಷೆ ಮಾಡಿದರು, ಮರುದಿನ ಮತ್ತೆ ಮಾಡಿದರು. ಎರಡೂ ಸರಿ ಬಂದವು. ಆ ಒಂದು ರಾತ್ರಿ ಹೇಗೆ ಕಳೆಯಿತು ಅಂತ ಬರೆಯೋಕೆ ಆಗಲ್ಲ.

ಡಾಕ್ಟರ್ ಇನ್ನೊಂದು ವಿಷಯಕ್ಕೂ ಬೈದರು. ಮಳೆಗಾಲ, ಊರಲ್ಲಿ ಡೆಂಗಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತೆ. ಐಬುಪ್ರೊಫೇನ್ ಪ್ಲೇಟ್‌ಲೆಟ್ ಕೆಲಸವನ್ನೂ ತಡೆಯುತ್ತೆ, ಹೊಟ್ಟೆಯ ಒಳಪದರವನ್ನೂ ಕೆಣಕುತ್ತೆ, ರಕ್ತಸ್ರಾವಕ್ಕೆ ದಾರಿ. ಹಾಗಾಗಿ ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಅದನ್ನ ಮುಟ್ಟಲೇಬಾರದು. ವಾಂತಿ ಭೇದಿಯಿಂದ ಮಗು ಒಣಗಿದ್ದರೂ ಬೇಡ, ಆಗ ಕಿಡ್ನಿಗೆ ತೊಂದರೆ. ಚಿಕನ್‌ಪಾಕ್ಸ್ ಇದ್ದರೂ ಬೇಡ.

ಈಗ ನಿಮ್ಮ ಪ್ರಶ್ನೆಗೆ. ಎಷ್ಟು ಗಂಟೆ ಅಂತರ ಅನ್ನೋದಕ್ಕಿಂತ ಮೊದಲು, ನಡುವೆ ಇನ್ನೊಂದು ಔಷಧ ಯಾಕೆ ಬೇಕು ಅಂತ ಕೇಳಿಕೊಳ್ಳಿ. ನಾಲ್ಕು ಗಂಟೆ ಕಳೆದ ಮೇಲೆ ಜ್ವರ ಮತ್ತೆ ಏರಿತು ಅಂದರೆ ಔಷಧ ಸೋತಿತು ಅಂತಲ್ಲ. ಪ್ಯಾರಾಸಿಟಮಾಲ್ ಕೆಲಸ ಮಾಡೋದೇ ಅಷ್ಟು ಹೊತ್ತು. ಕಾಯಿಲೆ ಇರುವಷ್ಟು ದಿನ ಜ್ವರ ಬರುತ್ತೆ ಹೋಗುತ್ತೆ. ಜ್ವರಕ್ಕೆ ಬರುವ ಫಿಟ್ಸ್ ತಡೆಯೋಕೆ ಅಂತ ಕೊಡ್ತೀವಿ ಅಂದುಕೊಂಡರೆ, ಈ ಔಷಧಗಳು ಅದನ್ನ ತಡೆಯಲ್ಲ ಅಂತ ಅಧ್ಯಯನಗಳೇ ಹೇಳ್ತವೆ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 156 ಮಕ್ಕಳ ಮೇಲೆ ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಎರಡೂ ಔಷಧ ಪಡೆದ ಮಕ್ಕಳಿಗೆ ಮೊದಲ 24 ಗಂಟೆಯಲ್ಲಿ ಜ್ವರವಿಲ್ಲದ ಹೊತ್ತು, ಬರೀ ಪ್ಯಾರಾಸಿಟಮಾಲ್ ಪಡೆದವರಿಗಿಂತ ನಾಲ್ಕೂವರೆ ಗಂಟೆಯಷ್ಟು ಜಾಸ್ತಿ. ಬರೀ ಐಬುಪ್ರೊಫೇನ್ ಪಡೆದವರಿಗಿಂತ ಎರಡೂವರೆ ಗಂಟೆ ಜಾಸ್ತಿ. ಅಂದರೆ ಥರ್ಮಾಮೀಟರ್‌ನಲ್ಲಿ ಲಾಭ ನಿಜ. ಆದರೆ ಮಗುವಿನ ಸಂಕಟ ಕಡಿಮೆ ಆಯಿತು ಅನ್ನೋದಕ್ಕೆ ಸ್ಪಷ್ಟ ಪುರಾವೆ ಸಿಗಲಿಲ್ಲ. ನರ್ಸ್‌ಗಳ ಸಹಾಯ ಇದ್ದ ಆ ಅಧ್ಯಯನದಲ್ಲೇ ಕೆಲವು ಮಕ್ಕಳಿಗೆ ಹೇಳಿದ್ದಕ್ಕಿಂತ ಹೆಚ್ಚು ಡೋಸ್ ಹೋಗಿತ್ತು. ಹಾಗಿದ್ದ ಮೇಲೆ ರಾತ್ರಿ ಮೂರು ಗಂಟೆಗೆ ನಾವು ಮೂವರು ಸೇರಿ ತಪ್ಪಿದ್ದು ಆಶ್ಚರ್ಯವೇ ಅಲ್ಲ.

ಹಾಗಾಗಿ ನಾನು ಹೇಳೋದು: ಒಂದೇ ಔಷಧ, ಪ್ಯಾರಾಸಿಟಮಾಲ್. ತೂಕಕ್ಕೆ ತಕ್ಕ ಡೋಸ್, ಕನಿಷ್ಠ ನಾಲ್ಕು ಗಂಟೆ ಬಿಟ್ಟು, ದಿನಕ್ಕೆ ನಾಲ್ಕು ಸಲ ಮೀರದ ಹಾಗೆ. 102 ಇದ್ದರೂ ಆಟ ಆಡ್ತಿದ್ದಾಳೆ, ನೀರು ಕುಡಿತಿದ್ದಾಳೆ ಅಂದರೆ ಸುಮ್ನೆ ಬಿಡಿ. ಮಲಗಿದ್ದರೆ ಎಬ್ಬಿಸಬೇಡಿ. ಚಿಕಿತ್ಸೆ ಹೇಗಿರಬೇಕು ಅಂತ ಡಾಕ್ಟರ್‌ಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ಸಂಸ್ಥೆ ನೈಸ್‌ನ ಮಾರ್ಗಸೂಚಿ ಕೂಡ ಎರಡನ್ನೂ ಒಟ್ಟಿಗೆ ಕೊಡಬೇಡಿ ಅನ್ನುತ್ತೆ. ಒಂದು ಕೊಟ್ಟರೂ ಮಗುವಿನ ಸಂಕಟ ಹೋಗದಿದ್ದರೆ, ಅಥವಾ ಮುಂದಿನ ಡೋಸ್‌ಗೆ ಮುಂಚೆ ಮತ್ತೆ ಶುರುವಾದರೆ ಮಾತ್ರ ಬದಲಿಸಿ ಕೊಡುವ ಯೋಚನೆ. ನಂಬರ್ ನೋಡಿ ಅಲ್ಲ, ಮಗುವನ್ನ ನೋಡಿ.

ನಿಮ್ಮ ಡಾಕ್ಟರ್ ಮಗುವನ್ನ ನೋಡಿ, ತೂಕ ನೋಡಿ ಐಬುಪ್ರೊಫೇನ್ ಸೇರಿಸಿದರೆ ಅದು ಬೇರೆ ಮಾತು. ಆಗಲೂ 'ಮೂರು ಗಂಟೆಗೊಂದು' ಅಂತ ಒಂದೇ ಗಡಿಯಾರ ಇಡಬೇಡಿ, ಒಂದೊಂದು ಔಷಧಕ್ಕೆ ಒಂದೊಂದು ಗಡಿಯಾರ. ಐಬುಪ್ರೊಫೇನ್‌ನಿಂದ ಮುಂದಿನ ಐಬುಪ್ರೊಫೇನ್‌ಗೆ ಆರರಿಂದ ಎಂಟು ಗಂಟೆ ಆಗಿರಬೇಕು. ಎಂ.ಎಲ್. ಮಾತ್ರ ನೆನಪಿಟ್ಟುಕೊಂಡರೂ ಸಾಲದು. ಪ್ಯಾರಾಸಿಟಮಾಲ್ 5 ಎಂ.ಎಲ್.ಗೆ 120, 125, 250 ಹೀಗೆ ಬರುತ್ತೆ. ಡ್ರಾಪ್ಸ್ ಆದರೆ ಒಂದೇ ಎಂ.ಎಲ್.ನಲ್ಲಿ 100.

ಜ್ವರ ಮೂರು ದಿನ ದಾಟಿದರೆ, ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಉಚ್ಚೆ ತೀರಾ ಕಡಿಮೆ ಆದರೆ, ಉಸಿರಾಟಕ್ಕೆ ಕಷ್ಟಪಟ್ಟರೆ, ಎರಡನೇ ಬಾಟಲಿ ಹುಡುಕಬೇಡಿ, ಆಸ್ಪತ್ರೆಗೆ ಹೋಗಿ.

ಈಗ ನಮ್ಮ ಮನೆಯಲ್ಲಿ ಫ್ರಿಜ್ ಮೇಲೆ ಒಂದು ಹಾಳೆ ಇದೆ. ಔಷಧದ ಹೆಸರು, ಎಷ್ಟು ಮಿ.ಗ್ರಾಂ, ಎಷ್ಟು ಗಂಟೆಗೆ, ಕೊಟ್ಟವರು ಯಾರು. ಅತ್ತೆಗೆ ಓದಲು ಅನುಕೂಲ ಆಗಲಿ ಅಂತ ಕನ್ನಡದಲ್ಲೇ ಬರೆದಿದ್ದೀನಿ. ನಿಮ್ಮ ಮನೆಯ ಎರಡೂ ಬಾಟಲಿ ಈಗಲೇ ತಿರುಗಿಸಿ ನೋಡಿ. ಎರಡರಲ್ಲೂ ಪ್ಯಾರಾಸಿಟಮಾಲ್ ಅಂತ ಇದ್ದು, ಈಗಾಗಲೇ ಎರಡೂ ಕೊಟ್ಟಿದ್ದರೆ, ಒಟ್ಟು ಎಷ್ಟು ಹೋಗಿದೆ ಅಂತ ಬರೆದುಕೊಂಡು ಇವತ್ತೇ ಡಾಕ್ಟರ್‌ಗೆ ತೋರಿಸಿ.