74 ಇದ್ದಲ್ಲಿ 21 ಕಂಡ ಹುಡುಗ

(ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಪ್ರಕರಣವನ್ನು ಬರೆಯಲು ಹುಡುಗನ ಒಪ್ಪಿಗೆ ಪಡೆದಿದ್ದೇನೆ.)

ಬಸವರಾಜ ನನ್ನ ಬಳಿ ಬಂದದ್ದು ತಾಯಿಯ ಜೊತೆ. ವಯಸ್ಸು 24. ಪಿಯುಸಿ ಮುಗಿಸಿ, ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಓದಿದವನು. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಎರಡು ಹಂತದ ಕಂಪ್ಯೂಟರ್ ಪರೀಕ್ಷೆ ಬರೆದು, ಎಷ್ಟೋ ಜನ ಮುಗ್ಗರಿಸುವ ಆ್ಯಪ್ಟಿಟ್ಯೂಡ್ ಪರೀಕ್ಷೆಯನ್ನೂ ದಾಟಿ, ದಾಖಲೆ ಪರಿಶೀಲನೆ ಮುಗಿಸಿದ್ದ. ಊರಿನಲ್ಲಿ ಪೇಢೆ ಹಂಚಿದ್ದೂ ಆಗಿತ್ತು. ವೈದ್ಯಕೀಯ ಪರೀಕ್ಷೆಯ ನಂತರ ಬಂದ ಪತ್ರದಲ್ಲಿ ಮಾತ್ರ ‘ಎ-1 ವರ್ಗಕ್ಕೆ ಅನರ್ಹ, ವರ್ಣದೃಷ್ಟಿ ದೋಷ’ ಎಂದಿತ್ತು. ಎ-1 ಎಂದರೆ ರೈಲು ಓಡಿಸುವವರಿಗೆ ಬೇಕಾದ ವೈದ್ಯಕೀಯ ಮಟ್ಟ. ಅವರು ನನ್ನ ಕೋಣೆಗೆ ಬಂದಾಗ ಪತ್ರ ಕೈಸೇರಿ 19 ದಿನಗಳಾಗಿದ್ದವು. ಈ ಅಂಕಿಯನ್ನು ನಾನು ಮೊದಲು ಕೇಳಿ ಗುರುತು ಹಾಕಿಕೊಂಡೆ. ಮೇಲ್ಮನವಿಗೆ ಇರುವುದು ಒಂದೇ ತಿಂಗಳು.

ಮನೆಯವರ ಸಿಟ್ಟಿಗೆ ಕಾರಣವಿತ್ತು. ಆ್ಯಪ್ಟಿಟ್ಯೂಡ್ ಪರೀಕ್ಷೆಯ ದಿನ ಕೊಡಬೇಕಾದ ದೃಷ್ಟಿ ಪ್ರಮಾಣಪತ್ರವನ್ನು ಊರಿನ ಕಣ್ಣಿನ ಆಸ್ಪತ್ರೆಯೊಂದು ಕೊಟ್ಟಿತ್ತು. ಅದರಲ್ಲಿ ‘ವರ್ಣದೃಷ್ಟಿ: ಸಹಜ’ ಎಂದೇ ಇತ್ತು. ಒಬ್ಬ ವೈದ್ಯರು ಸಹಜ ಎನ್ನುತ್ತಾರೆ, ಇನ್ನೊಬ್ಬರು ದೋಷ ಎನ್ನುತ್ತಾರೆ, ಹಾಗಾದರೆ ನಡುವೆ ಯಾರೋ ಕೈ ಆಡಿಸಿದ್ದಾರೆ ಎಂಬುದು ತಾಯಿಯ ವಾದ. ಆ ಪ್ರಮಾಣಪತ್ರ ಹೇಗೆ ಸಿಕ್ಕಿತೆಂದು ಬಸವರಾಜನನ್ನು ಕೇಳಿದೆ. ಅಕ್ಷರಗಳ ಫಲಕ ಓದಿಸಿದರು, ಆಮೇಲೆ ಟ್ಯೂಬ್‌ಲೈಟಿನ ಕೆಳಗೆ ಪುಸ್ತಕದ ಎರಡು ಮೂರು ಪುಟ ತಿರುಗಿಸಿ ತೋರಿಸಿದರು ಎಂದ. ಮೊದಲ ಪುಟದಲ್ಲಿ 12 ಎಂದು ಸರಿಯಾಗಿ ಹೇಳಿದ್ದನಂತೆ.

ಇಲ್ಲಿ ಎಡವುವವರು ಬಹಳ. ಅವನಿಗೆ ತೋರಿಸಿದ್ದು ಇಶಿಹಾರ ಪುಸ್ತಕ, ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿಸಿ ವರ್ಣದೃಷ್ಟಿ ಪರೀಕ್ಷಿಸುವಂಥದ್ದು. ಅದರ ಮೊದಲ ಪುಟದ 12 ಎಂಬ ಅಂಕಿ ಬಣ್ಣಗುರುಡು ಇದ್ದವರಿಗೂ ಕಾಣುತ್ತದೆ. ಅದನ್ನು ಇಟ್ಟಿರುವುದೇ ಪರೀಕ್ಷೆ ಹೇಗೆ ನಡೆಯುತ್ತದೆಂದು ತಿಳಿಸಲು. ನಿಜವಾದ ಪರೀಕ್ಷೆ ಎರಡನೇ ಪುಟದಿಂದ ಶುರುವಾಗುತ್ತದೆ. ಅಲ್ಲಿ ಎಲ್ಲರಿಗೂ 8 ಕಂಡರೆ ಕೆಂಪು-ಹಸಿರು ದೋಷವಿರುವವರಿಗೆ 3 ಕಾಣುತ್ತದೆ. ಇನ್ನೊಂದು ಪುಟದಲ್ಲಿ 74 ಇದ್ದ ಕಡೆ 21 ಕಾಣುತ್ತದೆ. ಸಹಜ ದೃಷ್ಟಿಯವರಿಗೆ ಏನೂ ಕಾಣದೆ, ದೋಷವಿರುವವರಿಗೆ ಮಾತ್ರ ಅಂಕಿ ಕಾಣುವ ಪುಟಗಳೂ ಇವೆ. ಅಂಕಿಗಳನ್ನು ಬಾಯಿಪಾಠ ಮಾಡಿ ಹೋದವರನ್ನು ಪುಟಗಳ ಕ್ರಮ ಬದಲಿಸಿಯೇ ಹಿಡಿಯುತ್ತಾರೆ. ಪುಸ್ತಕವನ್ನು ಹಗಲಿನ ಬೆಳಕಿನಲ್ಲಿ, ಸುಮಾರು 75 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಪುಟಕ್ಕೆ ಮೂರು ಸೆಕೆಂಡು ಮಾತ್ರ ಕೊಡಬೇಕು. ಟ್ಯೂಬ್‌ಲೈಟಿನ ಕೆಳಗೆ ಎರಡು ಮೂರು ಪುಟ ತಿರುಗಿಸುವುದು ಪರೀಕ್ಷೆಯಲ್ಲ, ಶಾಸ್ತ್ರ ಮುಗಿಸುವುದು. ಮೊಬೈಲ್ ಪರದೆಯಲ್ಲಿ ನೋಡಿಕೊಳ್ಳುವುದೂ ಅಷ್ಟೆ. ಪರದೆಯ ಬಣ್ಣ ಪುಸ್ತಕದ ಬಣ್ಣವಲ್ಲ.

ಮೇಲ್ಮನವಿ ಬರೆಯುವ ಮಾತನ್ನು ಅಂದು ಎತ್ತಲಿಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜಿನ ನೇತ್ರ ವಿಭಾಗಕ್ಕೆ ಹೋಗಿ, ಪೂರ್ತಿ ಇಶಿಹಾರ ಪರೀಕ್ಷೆಯನ್ನು ಒಂದೊಂದು ಕಣ್ಣಿಗೂ ಬೇರೆಯಾಗಿ ಮಾಡಿಸಿಕೊಂಡು, ಯಾವ ಪುಟಕ್ಕೆ ಏನು ಉತ್ತರ ಕೊಟ್ಟ ಎಂಬುದನ್ನೂ ಬರೆಸಿಕೊಂಡು ಬರಲು ಹೇಳಿದೆ. ಅನರ್ಹತೆಯ ಪತ್ರವನ್ನು ಅಲ್ಲಿನ ವೈದ್ಯರಿಗೆ ಮೊದಲೇ ತೋರಿಸಬೇಕೆಂದೂ ಒತ್ತಿ ಹೇಳಿದೆ. ಮುಚ್ಚಿಟ್ಟು ಪಡೆದ ಪ್ರಮಾಣಪತ್ರಕ್ಕೆ ಮೇಲ್ಮನವಿಯಲ್ಲಿ ಬೆಲೆಯಿಲ್ಲ. ಅಭ್ಯರ್ಥಿ ಈಗಾಗಲೇ ರೈಲ್ವೆ ವೈದ್ಯರಿಂದ ಅನರ್ಹನೆಂದು ತಿರಸ್ಕೃತನಾಗಿರುವುದನ್ನು ಪೂರ್ತಿ ತಿಳಿದೇ ಈ ಪ್ರಮಾಣಪತ್ರ ಕೊಡುತ್ತಿದ್ದೇನೆ ಎಂಬ ಒಕ್ಕಣೆ ವೈದ್ಯರ ಕೈಯಿಂದಲೇ ಬರಬೇಕು. ಮೊದಲ ಪರೀಕ್ಷೆಯಲ್ಲಿ ತಪ್ಪು ನಡೆದಿರಬಹುದು ಎಂದು ನಂಬಲು ಅದರಲ್ಲಿ ವೈದ್ಯಕೀಯ ಕಾರಣವೂ ಇರಬೇಕು. ಬಡತನ, ಪಟ್ಟ ಶ್ರಮ, ಮನೆಯ ಸಾಲ ಇವನ್ನೆಲ್ಲ ನಾಲ್ಕು ಪುಟ ಬರೆದು ಕಳಿಸಿದ ಮನವಿಗಳನ್ನು ನೋಡಿದ್ದೇನೆ. ಅವು ಓದುವವರ ಕಣ್ಣು ತೇವ ಮಾಡಬಹುದು, ಮರುಪರೀಕ್ಷೆ ಕೊಡಿಸಲಾರವು.

ಮಾಹಿತಿ ಹಕ್ಕಿನಡಿ ವೈದ್ಯಕೀಯ ಕಡತ ಕೇಳೋಣವೇ ಎಂದು ಬಸವರಾಜ ಕೇಳಿದ. ಕೇಳಬಹುದು, ಅರ್ಜಿ ಶುಲ್ಕ ಹತ್ತೇ ರೂಪಾಯಿ. ಆದರೆ ಉತ್ತರಕ್ಕೆ ಕಾನೂನು ಕೊಟ್ಟಿರುವ ಅವಧಿ 30 ದಿನ, ಅವನ ಕೈಯಲ್ಲಿ ಉಳಿದಿದ್ದುದು 11 ದಿನ. ಆ ಉತ್ತರಕ್ಕೆ ಕಾಯುತ್ತ ಕುಳಿತು ಮೇಲ್ಮನವಿಯ ಗಡುವು ಕಳೆದುಕೊಂಡವರಿದ್ದಾರೆ.

ನಾಲ್ಕನೇ ದಿನ ಒಬ್ಬನೇ ಬಂದ. ಕಾಗದವನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ನೋಡುತ್ತ ಕುಳಿತ. 8ಕ್ಕೆ 3, 74ಕ್ಕೆ 21. ದೋಷ ಕೆಂಪಿನ ಕಡೆಯದೋ ಹಸಿರಿನ ಕಡೆಯದೋ ಎಂದು ಬೇರ್ಪಡಿಸುವ ಪುಟಗಳಿವೆ. ಅಲ್ಲಿ 26ರಲ್ಲಿ ಬರೀ 2, 42ರಲ್ಲಿ ಬರೀ 4 ಕಂಡಿತ್ತು. ಹುಟ್ಟಿನಿಂದ ಬಂದ ಹಸಿರು ಬಣ್ಣದ ದೋಷ, ಎರಡೂ ಕಣ್ಣಿಗೆ ಒಂದೇ ಸಮ. ರೈಲ್ವೆಯ ವೈದ್ಯರು ತಪ್ಪು ಮಾಡಿರಲಿಲ್ಲ.

“ಮೇಡಂ, ಸಿಗ್ನಲ್‌ನಲ್ಲಿ ಯಾವುದು ಕೆಂಪು, ಯಾವುದು ಹಸಿರು ಎಂದು ನನಗೆ ಗೊತ್ತಾಗುತ್ತದೆ. ಇಷ್ಟು ವರ್ಷ ಬೈಕ್ ಓಡಿಸಿಲ್ಲವೇ?” ಎಂದ.

ಗೊತ್ತಾಗುತ್ತದೆ, ಸುಳ್ಳಲ್ಲ. ಪೇಟೆಯ ಸಿಗ್ನಲ್‌ನಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ. ಅವನು ಓದುತ್ತಿದ್ದುದು ದೀಪದ ಜಾಗವನ್ನು. ಗಾರ್ಡ್ ಕೈಯಲ್ಲಿ ಹಿಡಿಯುವ ದೀಪವನ್ನು ನೆನಪಿಸಿದೆ. ಕೆಂಪು, ಹಸಿರು ಎರಡೂ ಹೊರಡುವುದು ಅದೊಂದೇ ಕೈದೀಪದಿಂದ. ಕತ್ತಲಲ್ಲಿ, ದೂರದಲ್ಲಿ, ಮಂಜಿನಲ್ಲಿ ಕಾಣುವುದು ಒಂದು ಚುಕ್ಕೆ ಮಾತ್ರ. ಅದಕ್ಕೆ ಮೇಲು ಕೆಳಗು ಇಲ್ಲ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಸೋದರಮಾವ ಮೆಣಸಿನಕಾಯಿ ಹೊಲದಲ್ಲಿ ಹಣ್ಣಾದ ಕಾಯಿಯನ್ನು ಎಲೆಯ ನಡುವೆ ಕಾಣದೆ ಬಿಟ್ಟು ಬರುತ್ತಿದ್ದ, ಅಜ್ಜ ಅವನನ್ನು ಸೋಮಾರಿ ಎಂದು ಬೈಯುತ್ತಿದ್ದ ಎಂದು ತಾನಾಗಿಯೇ ಹೇಳಿದ.

ಮೇಲ್ಮನವಿ ಬೇಡ ಎಂದು ನನ್ನ ಅಭಿಪ್ರಾಯ ತಿಳಿಸಿದೆ. ಅದಕ್ಕೆ ಬೇಕಾದ ಮಾತನ್ನು ಯಾವ ವೈದ್ಯರೂ ಪ್ರಾಮಾಣಿಕವಾಗಿ ಬರೆಯಲಾರರು. ಹಾಗೆಂದು ಮೇಲ್ಮನವಿಯೇ ವ್ಯರ್ಥ ಎಂದು ಯಾರೂ ಓದಿಕೊಳ್ಳಬಾರದು. ಹಿಂದೆ ಒಬ್ಬ ಹುಡುಗಿ ಸ್ಟೇಷನ್ ಮಾಸ್ಟರ್ ಹುದ್ದೆಗೆ ಆಯ್ಕೆಯಾಗಿದ್ದಳು. ಆ ಹುದ್ದೆಯದು ಎ-2 ವರ್ಗ. ಕನ್ನಡಕವಿಲ್ಲದೆ ಎರಡೂ ಕಣ್ಣು ಅಕ್ಷರಗಳ ಫಲಕದ 6/9 ಸಾಲನ್ನು ಓದಬೇಕು. ಇಡೀ ರಾತ್ರಿ ಬಸ್ಸಿನಲ್ಲಿ ಮೊಬೈಲ್ ನೋಡುತ್ತ ಬಂದು ಬೆಳಿಗ್ಗೆ ಪರೀಕ್ಷೆಗೆ ಕುಳಿತವಳ ಬಲಗಣ್ಣು ಅದಕ್ಕಿಂತ ದೊಡ್ಡ ಅಕ್ಷರದ 6/12 ಸಾಲಿಗೇ ನಿಂತಿತು. ಹತ್ತಿರದ್ದನ್ನೇ ನೋಡಿ ನೋಡಿ ಕಣ್ಣೊಳಗಿನ ಸ್ನಾಯು ಬಿಗಿದುಕೊಂಡರೆ ದೂರದೃಷ್ಟಿ ತಾತ್ಕಾಲಿಕವಾಗಿ ಮಬ್ಬಾಗುತ್ತದೆ. ತಜ್ಞರು ಹನಿ ಹಾಕಿ ಸ್ನಾಯುವನ್ನು ಸಡಿಲಿಸಿ ಅಳೆದು, ಕಣ್ಣಿನಲ್ಲಿ ನಿಜವಾದ ಪವರ್ ಇಲ್ಲವೆಂದು ಬರೆದುಕೊಟ್ಟರು. ಅಂಥ ಕಾಗದ ಮೇಲ್ಮನವಿಗೆ ಬಲ. ಮರುಪರೀಕ್ಷೆಯಲ್ಲಿ ಅವಳು ಪಾಸಾದಳು. ಅಳತೆ ದಿನದಿಂದ ದಿನಕ್ಕೆ ಬದಲಾಗಬಲ್ಲ ಕಡೆ ಮೇಲ್ಮನವಿಗೆ ಜೀವವಿದೆ. ಹುಟ್ಟಿನಿಂದ ಬಂದ ಬಣ್ಣದೋಷ ಬದಲಾಗುವುದಿಲ್ಲ.

ಗೆಳೆಯರು ಬಸವರಾಜನಿಗೆ ಎರಡು ಸಂಗತಿ ಕಳಿಸಿದ್ದರು. ಒಂದು, 2023ರ ಸುಪ್ರೀಂ ಕೋರ್ಟ್ ತೀರ್ಪು. ಬಣ್ಣದೋಷದ ಕಾರಣಕ್ಕೆ ಕೆಲಸ ನಿರಾಕರಿಸಲ್ಪಟ್ಟ ಅಭ್ಯರ್ಥಿಯೊಬ್ಬರನ್ನು ತಮಿಳುನಾಡಿನ ವಿದ್ಯುತ್ ಸಂಸ್ಥೆ ಸಹಾಯಕ ಎಂಜಿನಿಯರ್ ಆಗಿ ನೇಮಿಸಿಕೊಳ್ಳಬೇಕೆಂದು ನ್ಯಾಯಾಲಯ ಹೇಳಿದೆ. ತೀರ್ಪು ನಿಜ, ಮುಖ್ಯವೂ ಹೌದು. ಆದರೆ ಎಂಜಿನಿಯರ್‌ಗೆ ಅವರ ದೃಷ್ಟಿಗೆ ಒಗ್ಗುವ ಕೆಲಸವನ್ನು ಹೊಂದಿಸಿಕೊಡಬಹುದು ಎಂಬುದು ಅಲ್ಲಿನ ತಿರುಳು. ಲೋಕೋ ಪೈಲಟ್‌ನಿಂದ ಸಿಗ್ನಲ್ ನೋಡುವುದನ್ನು ಕಳೆದರೆ ಹುದ್ದೆಯಲ್ಲಿ ಏನು ಉಳಿಯುತ್ತದೆ? ವಕೀಲರನ್ನು ಕಾಣುವುದಿದ್ದರೆ ಕಾಣು, ಆದರೆ ಈ ಪ್ರಶ್ನೆಯನ್ನೇ ಮೊದಲು ಕೇಳು ಎಂದೆ.

ಎರಡನೆಯದು ಮೂರು ಲಕ್ಷಕ್ಕೆ ‘ಫಿಟ್’ ಮಾಡಿಸಿಕೊಡುವ ಮಧ್ಯವರ್ತಿಯ ನಂಬರ್. ತಂದೆ ಆಗಲೇ ಎತ್ತು ಮಾರುವ ಮಾತಾಡಿದ್ದರಂತೆ. ತಂದೆಯನ್ನು ಫೋನಿನಲ್ಲಿ ಮಾತಾಡಿಸಿ ಒಂದೇ ವಿಷಯ ಹೇಳಿದೆ. ಈ ವರ್ಗದ ನೌಕರರ ಕಣ್ಣನ್ನು 45 ವರ್ಷದವರೆಗೆ ನಾಲ್ಕು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸುತ್ತಾರೆ, ಆಮೇಲೆ ಎರಡು ವರ್ಷಕ್ಕೊಮ್ಮೆ, 55 ದಾಟಿದ ಮೇಲೆ ಪ್ರತಿ ವರ್ಷ. ಪ್ರತಿ ಸಲವೂ ಎತ್ತು ಎಲ್ಲಿಂದ ತರುತ್ತೀರಿ? ಬಣ್ಣದ ಲೆನ್ಸ್ ಹಾಕಿಕೊಂಡು ಹೋಗುವ, ಪುಡಿ ಹನಿಗಳಿಂದ ಬಣ್ಣಗುರುಡು ಗುಣಪಡಿಸುವ ಜಾಹೀರಾತುಗಳೂ ಅವರ ಬಳಿ ಇದ್ದವು. ಹುಟ್ಟಿನಿಂದ ಬಂದ ಈ ದೋಷಕ್ಕೆ ಇಂದು ಚಿಕಿತ್ಸೆಯಿಲ್ಲ.

ಹಾಗಾದರೆ ಅದೇ ರೈಲ್ವೆಯಲ್ಲಿ ಬೇರೆ ಕೆಲಸ ಕೊಡುವುದಿಲ್ಲವೇ ಎಂಬುದು ಸಹಜ ಪ್ರಶ್ನೆ. ಆರಿಸಿಕೊಂಡ ಹುದ್ದೆಯ ವೈದ್ಯಕೀಯ ಮಟ್ಟ ತಲುಪದವರಿಗೆ ಬದಲಿ ನೇಮಕ ಇಲ್ಲ ಎಂದು ಅಧಿಸೂಚನೆಯಲ್ಲೇ ಬರೆದಿರುತ್ತದೆ. ಅದನ್ನು ಓದುವವರು ಕಡಿಮೆ. ಸಂಬಳದ ಕಾಲಂ ನೋಡಿದ ಕಣ್ಣು ಪಕ್ಕದ ವೈದ್ಯಕೀಯ ವರ್ಗದ ಕಾಲಂ ಮೇಲೆ ನಿಲ್ಲುವುದೇ ಇಲ್ಲ. ಎ-1, ಎ-2, ಎ-3, ಬಿ-1 ಈ ನಾಲ್ಕಕ್ಕೂ ವರ್ಣದೃಷ್ಟಿ ಪರೀಕ್ಷೆ ಇದೆ. ಬಿ-2, ಸಿ-1, ಸಿ-2ಕ್ಕೆ ಇಲ್ಲ. ನಾವಿಬ್ಬರೂ ಕುಳಿತು ಪಿಯುಸಿ ಮಟ್ಟದ ಹುದ್ದೆಗಳ ಹಳೆಯ ಅಧಿಸೂಚನೆಯನ್ನು ತೆರೆದೆವು. ಟಿಕೆಟ್ ಕೊಡುವ ವಾಣಿಜ್ಯ ಗುಮಾಸ್ತ ಬಿ-2, ಲೆಕ್ಕಪತ್ರ ಗುಮಾಸ್ತ ಸಿ-2, ರೈಲು ಗುಮಾಸ್ತ ಎ-3. ಒಂದೇ ಪರೀಕ್ಷೆ, ಒಂದೇ ಪುಟ. ಮೂರನೆಯದಕ್ಕೆ ಆದ್ಯತೆ ಕೊಟ್ಟಿದ್ದರೆ ಮತ್ತೆ ಇದೇ ಪತ್ರ ಮನೆಗೆ ಬರುತ್ತಿತ್ತು. ಅವನು ಕೆಂಪು ಪೆನ್ನಿನಿಂದ ಎ-3 ಮೇಲೆ ಅಡ್ಡಗೆರೆ ಎಳೆದ. ಅದು ಕೆಂಪು ಪೆನ್ನು ಎಂದು ನಾನು ಹೇಳಲಿಲ್ಲ, ಅವನೇ ನಕ್ಕ.

ತಾಯಿಯ ಜೊತೆ ಬೇರೆಯಾಗಿ ಕುಳಿತೆ. “ನನ್ನ ತವರಿನಿಂದಲೇ ಬಂತೇನಕ್ಕಾ?” ಎಂದರು. ಹೌದು ಎಂದೆ. ಮುಚ್ಚಿಟ್ಟರೆ ಇನ್ನಾರೋ ಚುಚ್ಚುವ ಹಾಗೆ ಹೇಳುತ್ತಾರೆ. ಈ ಗುಣ ತಾಯಿಯಿಂದ ಮಗನಿಗೆ ಬರುತ್ತದೆ, ತಾಯಿಗೆ ಬಣ್ಣಗಳೆಲ್ಲ ಸರಿಯಾಗಿಯೇ ಕಾಣುತ್ತವೆ. ಅವರಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಬಸಿರಿನಲ್ಲಿ ತಿಂದದ್ದು, ಗ್ರಹಣದಲ್ಲಿ ಹೊರಗೆ ಹೋದದ್ದು ಯಾವುದೂ ಕಾರಣವಲ್ಲ ಎಂದಾಗ ಸೆರಗಿನಿಂದ ಮುಖ ಒರೆಸಿಕೊಂಡರು.

ಒಂದೂವರೆ ತಿಂಗಳ ಮೇಲೆ ಬಸವರಾಜನ ಅಕ್ಕ ಆರು ವರ್ಷದ ಮಗನನ್ನು ಕರೆದುಕೊಂಡು ಬಂದಳು. ತಮ್ಮನಿಗಿದ್ದದ್ದು ಮಗನಿಗೂ ಇದೆಯೇ ಎಂಬುದು ಅವಳ ಪ್ರಶ್ನೆ. ತಾಯಿಯಿಂದ ಅದು ಅವಳಿಗೆ ಬಂದಿರುವ ಸಾಧ್ಯತೆ ಅರ್ಧ, ಬಂದಿದ್ದರೆ ಅವಳಿಂದ ಮಗನಿಗೆ ಹೋಗಿರುವ ಸಾಧ್ಯತೆ ಮತ್ತೆ ಅರ್ಧ. ಒಟ್ಟು ನಾಲ್ಕರಲ್ಲಿ ಒಂದು. ಅದೇ ನೇತ್ರ ವಿಭಾಗಕ್ಕೆ, ಹಗಲು ಹೊತ್ತಿನಲ್ಲಿ ಹೋಗಲು ಚೀಟಿ ಬರೆದುಕೊಟ್ಟೆ.