‘ಗಾದೆ ಹೇಳಿದೆ, ಅಷ್ಟೇ’

ಧಾರವಾಡದ ನನ್ನ ಸಲಹಾ ಕೋಣೆಯಲ್ಲಿ ಒಂದು ಮಾತನ್ನು ನಾನು ಮತ್ತೆ ಮತ್ತೆ ಕೇಳುತ್ತೇನೆ: “ನಾನು ಬೈದಿಲ್ಲ ಮೇಡಂ. ಗಾದೆ ಹೇಳಿದೆ, ಅಷ್ಟೇ.” ಗಂಡ ಹೇಳಿದ್ದಾನೆ, ಅತ್ತೆ ಹೇಳಿದ್ದಾರೆ, ಒಮ್ಮೆ ಹದಿನಾರು ವರ್ಷದ ಮಗಳು ತಂದೆಯ ಎದುರಿಗೇ ಹೇಳಿದ್ದಾಳೆ. ಇಲ್ಲಿ ಬರೆಯುತ್ತಿರುವ ದಂಪತಿಯ ಪ್ರಕರಣದಲ್ಲಿ ನಾನೇ ಎಡವುವುದರಲ್ಲಿದ್ದೆ. ಆದ್ದರಿಂದ ಅವರಿಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಗಂಡ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವರು. ಊರು ಗದಗ ಜಿಲ್ಲೆಯ ಎರೆನೆಲದ ಕಡೆ. ಹೆಂಡತಿ ಹಾವೇರಿ ಜಿಲ್ಲೆಯ ಹಾನಗಲ್ಲ ಸೀಮೆಯವರು. ಅದು ಬತ್ತ ಬೆಳೆಯುವ ನೆಲ. ಅವರ ತವರಿನಲ್ಲಿ ಅನ್ನವೇ ಹೆಚ್ಚು, ರೊಟ್ಟಿ ಅಪರೂಪ. ಮದುವೆಯಾಗಿ ಎರಡನೆಯ ವರ್ಷ, ವಾಸ ಹುಬ್ಬಳ್ಳಿಯಲ್ಲಿ. ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿದ್ದರು. ಮರುದಿನ ಹೊಲಕ್ಕೆ ಚರಗ ಚೆಲ್ಲಲು ಹೋಗಬೇಕು, ಬುತ್ತಿಗೆ ರೊಟ್ಟಿ ಬೇಕು. ಹಿಂದಿನ ದಿನ ಅಡುಗೆಮನೆಯಲ್ಲಿ ಅತ್ತೆ ಮತ್ತು ಇಬ್ಬರು ಚಿಕ್ಕತ್ತೆಯರು ರೊಟ್ಟಿ ಬಡಿಯುತ್ತಿದ್ದರು. ಇವರೂ ಒಂದು ಮಣೆ ಹಿಡಿದು ಕುಳಿತರು. ರೊಟ್ಟಿ ಅಂಗೈ ಅಗಲವಾಗುವಷ್ಟರಲ್ಲಿ ಅಂಚು ಸೀಳುತ್ತಿತ್ತು, ಎತ್ತಿ ಹಂಚಿಗೆ ಹಾಕುವಾಗ ನಡುವೆ ಹರಿಯುತ್ತಿತ್ತು. ನಾಲ್ಕು ಹೀಗೇ ಹೋದ ಮೇಲೆ ಅವರು, “ಹಿಟ್ಟಿನಲ್ಲಿ ಜಿಗಿ ಇಲ್ಲ” ಎಂದರು. ನೀರು ಕುಡಿಯಲು ಬಂದಿದ್ದ ಗಂಡ ಬಾಗಿಲಲ್ಲೇ ನಿಂತು, “ಕುಣಿಯಲಾರದವಳು ನೆಲ ಡೊಂಕು ಎಂದಳಂತೆ” ಎಂದರು. ಚಿಕ್ಕತ್ತೆಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಅವರು ನನ್ನಲ್ಲಿಗೆ ಬರುವ ಹೊತ್ತಿಗೆ ಐದು ವಾರ ಕಳೆದಿತ್ತು. ಹೆಂಡತಿ ಗಂಡನೊಂದಿಗೆ ಬೇಕಾದಷ್ಟು ಮಾತ್ರ ಮಾತನಾಡುತ್ತಿದ್ದರು. ಮನೆಯಲ್ಲಿ ರೊಟ್ಟಿ ಬಡಿಯುವುದನ್ನು ಪೂರ್ತಿ ಬಿಟ್ಟಿದ್ದರು.

ಮೊದಲ ಭೇಟಿ ಉಪಯೋಗಕ್ಕೆ ಬರಲಿಲ್ಲ. ಗಂಡ ಗಾದೆಯ ಅರ್ಥವನ್ನು ನನಗೆ ವಿವರಿಸಿದರು. ಹತ್ತನೆಯ ತರಗತಿಯ ಮಕ್ಕಳಿಗೆ ಗಾದೆ ವಿಸ್ತರಣೆ ಬರೆಯಿಸುವವರು ಅವರು. ತನ್ನ ಕೊರತೆಯನ್ನು ಮುಚ್ಚಲು ಬೇರೆಯದರ ಮೇಲೆ ತಪ್ಪು ಹೊರಿಸುವುದು ಎಂಬ ಅರ್ಥ, ಅದರಲ್ಲಿ ಕೆಟ್ಟ ಮಾತು ಯಾವುದಿದೆ ಎಂದು ಕೇಳಿದರು. ಹೆಂಡತಿ ಉತ್ತರ ಕೊಡಲಿಲ್ಲ. ಆಕೆಗೆ ಹೊಸ ಮನೆಯಲ್ಲಿ ಹೊಂದಾಣಿಕೆಯ ಕಷ್ಟವಿದೆ, ಗಾದೆ ಒಂದು ನೆಪ ಎಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಅದು ನನ್ನ ತಪ್ಪು.

ಎರಡನೆಯ ಭೇಟಿಯಲ್ಲಿ ನಾನು ಹೆಂಡತಿಯನ್ನು ಒಂದೇ ಪ್ರಶ್ನೆ ಕೇಳಿದೆ: “ಈ ಗಾದೆಯನ್ನು ನೀವು ಮೊದಲು ಕೇಳಿದ್ದು ಯಾರ ಬಾಯಲ್ಲಿ?”

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ನಮ್ಮ ಅಜ್ಜಿಯ ಬಾಯಲ್ಲಿ. ಅಜ್ಜಿ ‘ಕುಣಿಯಲಾರದವಳು’ ಎನ್ನುತ್ತಿರಲಿಲ್ಲ ಮೇಡಂ” ಎಂದರು.

ಗಂಡ ತಲೆ ತಗ್ಗಿಸಿದರು. ನನಗೂ ಆಗ ಹೊಳೆಯಿತು. ಹಳಬರ ಬಾಯಲ್ಲಿ ಈ ಗಾದೆ ‘ಕುಣಿಯಲಾರದ ಸೂಳೆ ನೆಲ ಡೊಂಕು ಎಂದಳಂತೆ’ ಎಂದಿದೆ. ಶಾಲೆಯ ಪುಸ್ತಕ ಆ ಪದವನ್ನು ತೆಗೆದು ‘ಅವಳು’ ಎಂದು ಮಾಡಿದೆ. ಮಕ್ಕಳ ಪುಸ್ತಕಕ್ಕೆ ಅದು ಸರಿಯಾದದ್ದೇ. ಆದರೆ ಹಳೆಯ ರೂಪ ಕೇಳಿ ಬೆಳೆದವರಿಗೆ ‘ಅವಳು’ ಎಂದಾಗ ತೆಗೆದುಹಾಕಿದ ಪದವೇ ಕೇಳಿಸುತ್ತದೆ. ಮೇಷ್ಟ್ರು ಪುಸ್ತಕದ ಗಾದೆ ಹೇಳಿದ್ದರು, ಅಡುಗೆಮನೆಯ ನಾಲ್ವರು ಹೆಂಗಸರಿಗೆ ಅಜ್ಜಿಯ ಗಾದೆ ಕೇಳಿಸಿತ್ತು. ಚಿಕ್ಕತ್ತೆಯರು ಬಾಯಿ ಮುಚ್ಚಿಕೊಂಡು ನಕ್ಕದ್ದು ಅದಕ್ಕೆ. “ಅವರು ನಕ್ಕ ರೀತಿಯಲ್ಲೇ ನನಗೆ ಗೊತ್ತಾಯಿತು, ಅವರಿಗೂ ಅದೇ ಕೇಳಿಸಿದೆ ಎಂದು” ಎಂದರು ಆಕೆ.

ಆ ದಿನ ಉಳಿದ ಸಮಯವನ್ನೆಲ್ಲ ಈ ಒಂದು ಗಾದೆಗೇ ಕೊಟ್ಟೆ. ದಾಂಪತ್ಯದ ಸಮಸ್ಯೆ ಬಿಟ್ಟು ಭಾಷೆಯ ಪಾಠ ಮಾಡಿದಿರಾ ಎಂದು ಜೊತೆಗೆ ಕೆಲಸ ಮಾಡುವವರೊಬ್ಬರು ಆಮೇಲೆ ಕೇಳಿದರು. ಹೌದು, ಮಾಡಿದೆ, ಮತ್ತೆ ಅಂಥ ಸಂದರ್ಭ ಬಂದರೆ ಮತ್ತೆ ಮಾಡುತ್ತೇನೆ. ನೋವು ಯಾವ ಮಾತಿನಲ್ಲಿ ಆಯಿತೋ ಆ ಮಾತನ್ನೇ ಬಿಚ್ಚಿ ನೋಡದೆ ‘ಹೊಂದಿಕೊಳ್ಳಿ’ ಎನ್ನುವುದು ಆಕೆಯನ್ನು ಇನ್ನೊಮ್ಮೆ ನೆಲ ಡೊಂಕು ಎಂದವಳ ಜಾಗದಲ್ಲಿ ಕೂರಿಸಿದಂತೆ ಎಂದು ನನ್ನ ನಂಬಿಕೆ.

ಮೇಷ್ಟ್ರಿಗೆ ನಾನು ತೋರಿಸಿದ್ದು ಇಷ್ಟು. ಜನರ ಬಗೆಗಿನ ಗಾದೆಯಲ್ಲಿ ಸಾಮಾನ್ಯವಾಗಿ ಕೂರುವ ಜಾಗಗಳಿರುತ್ತವೆ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂದರೆ ಯಾರೋ ಬೆಕ್ಕಾಗುತ್ತಾರೆ, ಯಾರೋ ಇಲಿಯಾಗುತ್ತಾರೆ. ‘ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ’ ಎಂದರೆ ಎದುರಿಗಿರುವವರು ಕೋಣವಾಗುತ್ತಾರೆ. ಹೇಳುವವನ ಗಮನ ಸಾಲಿನ ಚಂದದ ಮೇಲಿರುತ್ತದೆ, ಕೇಳುವವರ ಗಮನ ತನಗೆ ಸಿಕ್ಕ ಜಾಗದ ಮೇಲಿರುತ್ತದೆ. ಮೇಷ್ಟ್ರ ಗಾದೆಯಲ್ಲಿ ಇದ್ದದ್ದು ಒಂದೇ ಜಾಗ, ಅದೂ ಹೆಣ್ಣಿನದು. ಅಡುಗೆಮನೆಯಲ್ಲಿ ಆಗ ರೊಟ್ಟಿ ಹರಿಯುತ್ತಿದ್ದದ್ದು ಒಬ್ಬರದೇ. ಅದು ಬೇರೆ ಯಾರಿಗೂ ಅನ್ವಯಿಸುವಂತಿರಲಿಲ್ಲ.

ಇನ್ನು ಕೊನೆಯ ‘ಅಂತೆ’. ಹೇಳುವವನಿಗೆ ಅದು ಆಸರೆ: ಮಾತು ನನ್ನದಲ್ಲ, ಹಿಂದಿನವರದು. ಕೇಳುವವಳಿಗೆ ಅದೇ ‘ಅಂತೆ’ ಇಡೀ ಊರನ್ನು ಕರೆದು ಗಂಡನ ಬೆನ್ನ ಹಿಂದೆ ನಿಲ್ಲಿಸುತ್ತದೆ. ಗಂಡನ ಸ್ವಂತ ಮಾತಾಗಿದ್ದರೆ ಆಕೆ ತಿರುಗಿ ಜಗಳವಾಡಬಹುದಿತ್ತು. ಊರಿನೊಂದಿಗೆ, ಅದೂ ಗಂಡನ ಊರಿನಲ್ಲಿ ಕುಳಿತು, ಜಗಳವಾಡುವುದು ಹೇಗೆ? “ಗಾದೆ ಹೇಳಿದೆ, ಅಷ್ಟೇ” ಎಂಬ ಸಮಜಾಯಿಷಿ ಗಾಯದ ಮೇಲೆ ಇನ್ನೊಂದು ಗಾಯವಾಗುವುದು ಇದರಿಂದಲೇ.

ಎಲ್ಲಕ್ಕಿಂತ ಹೆಚ್ಚಾಗಿ, ಹಿಟ್ಟಿನ ಮಾತು ನಿಜವೇ ಎಂದು ಯಾರೂ ನೋಡಿರಲಿಲ್ಲ. ಜೋಳದ ಹಿಟ್ಟಿಗೆ ಗೋಧಿಯಂತೆ ಹಿಡಿದುಕೊಳ್ಳುವ ಅಂಟು ಇಲ್ಲ. ಬೀಸಿಸಿ ಬಹಳ ದಿನವಾದ ಹಿಟ್ಟಿನಲ್ಲಿ ಇದ್ದ ಜಿಗಿಯೂ ಇಳಿಯುತ್ತದೆ, ರೊಟ್ಟಿ ಸೀಳುತ್ತದೆ. ಬಲ್ಲವರು ಆಗ ಕುದಿಯುವ ಎಸರು ಹಾಕಿ ನಾದುತ್ತಾರೆ. ಅಮಾವಾಸ್ಯೆಯ ಹೊತ್ತಿಗೆ ಹಿಂಗಾರಿ ಜೋಳ ಇನ್ನೂ ಹೊಲದಲ್ಲೇ ನಿಂತಿರುತ್ತದೆ, ಮನೆಯಲ್ಲಿರುವುದು ಹಿಂದಿನ ಸುಗ್ಗಿಯದು. ಹಿಟ್ಟು ಬೀಸಿಸಿ ಎಷ್ಟು ದಿನವಾಗಿತ್ತು ಎಂದು ಕೇಳಿದೆ. ಮೇಷ್ಟ್ರು ಲೆಕ್ಕ ಹಾಕಿದರು. ತಿಂಗಳ ಮೇಲಾಗಿತ್ತು, ಗಿರಣಿಗೆ ಒಯ್ದವರು ಅವರೇ. ನಿಜವಾದ ದೂರಿಗೆ ಈ ಗಾದೆಯನ್ನು ಉತ್ತರವಾಗಿ ಕೊಟ್ಟರೆ ವಿಚಾರಣೆಯಿಲ್ಲದೆ ತೀರ್ಪು ಕೊಟ್ಟಂತೆ. ಎದುರಿನವರು ಹೇಳಿದ್ದು ನಿಜವಿರಬಹುದೇ ಎಂಬ ಅನುಮಾನ ಕೂದಲೆಳೆಯಷ್ಟಿದ್ದರೂ ಇದನ್ನು ಬಳಸಬಾರದು.

ಹಾಗಾದರೆ ಆ ಹೊತ್ತಿನಲ್ಲಿ ಹೇಳಬಹುದಾಗಿದ್ದ ಗಾದೆಯೇ ಇಲ್ಲವೇ ಎಂದು ಮೇಷ್ಟ್ರು ಕೇಳಿದರು. ಒಳ್ಳೆಯ ಪ್ರಶ್ನೆ. ಗಾದೆಯನ್ನು ಬಾಯಿಂದ ಕಿತ್ತುಹಾಕುವುದು ನನ್ನ ಉದ್ದೇಶವಾಗಿರಲಿಲ್ಲ. ಅವರು ಯೋಚಿಸಿ, “‘ಆಕಳು ಕಪ್ಪಾದರೆ ಹಾಲು ಕಪ್ಪೇ’ ಎನ್ನಬಹುದಿತ್ತು” ಎಂದರು. ರೊಟ್ಟಿ ಹರಿದರೇನು, ರುಚಿ ಹರಿಯುತ್ತದೆಯೇ ಎಂಬ ಭಾವ. ಎದುರಿನವರನ್ನು ಎತ್ತುವ ಗಾದೆ. ನಾನು ಸಂತೋಷದಿಂದ ಹೌದೆನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಆಕೆಯ ಮುಖ ನೋಡಿದೆ. ಆಕೆ ಕಪ್ಪು ಬಣ್ಣದವರು. ಹೆಣ್ಣು ನೋಡಲು ಬಂದಾಗ ಆ ಮಾತು ಎದ್ದಿತ್ತು ಎಂದು ಮೊದಲ ಭೇಟಿಯಲ್ಲೇ ಹೇಳಿದ್ದರು. ಅರ್ಥ ಎಷ್ಟೇ ಒಳ್ಳೆಯದಿರಲಿ, ಗಾದೆಯ ಒಳಗಿನ ಒಂದು ಬಿಡಿ ಪದ ಎದುರಿನವರ ಹಳೆಯ ನೋವಿಗೆ ತಾಗುವಂತಿದ್ದರೆ ಕೇಳಿಸುವುದು ಆ ಪದ ಮಾತ್ರ. ಇದನ್ನು ಮೇಷ್ಟ್ರೇ ಹೇಳಿದರು, ನಾನು ಹೇಳುವ ಮೊದಲೇ. ಕ್ಷಮಿಸು ಎಂದು ಹೆಂಡತಿಯ ಕಡೆ ತಿರುಗಿದರು. ಐದು ವಾರಗಳಲ್ಲಿ ಮೊದಲ ಬಾರಿಗೆ ಆ ಪದ ಅವರ ಬಾಯಲ್ಲಿ ಬಂದಿತ್ತು.

ಕೊನೆಗೆ ಉಳಿದ ದಾರಿ, ಕೆಟ್ಟ ಜಾಗದಲ್ಲಿ ತಾನೇ ಕೂರುವುದು. ‘ಅಜ್ಜಿಗೆ ಅರಿವೆಯ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ’ ಎಂಬ ಗಾದೆಯನ್ನು ನಾವು ಮೂವರೂ ಸೇರಿ ಆರಿಸಿದೆವು. ಬಾಗಿಲಲ್ಲಿ ನಿಂತವನು, “ನಿಮಗೆ ಹಿಟ್ಟಿನ ಚಿಂತೆ, ನನಗೆ ಕಜ್ಜಾಯದ ಚಿಂತೆ” ಎಂದಿದ್ದರೆ ಹೊಟ್ಟೆಬಾಕ ಮೊಮ್ಮಗಳ ಜಾಗ ಅವನದಾಗುತ್ತಿತ್ತು. ಅರ್ಧ ಗಾದೆಯನ್ನು ಕೇಳಿದವರೇ ಪೂರ್ತಿ ಮಾಡಿಕೊಂಡು ನಗುತ್ತಿದ್ದರು. ಹಿಟ್ಟಿನ ದೂರು ಸುಳ್ಳೆಂದೂ ಆಗುತ್ತಿರಲಿಲ್ಲ. ಆಕೆಗೆ ಸಣ್ಣ ನಗು ಬಂತು.

ನಾನು ಕೊಟ್ಟ ಸಲಹೆ ಎರಡೇ. ನೆಲ ಡೊಂಕಿನ ಗಾದೆ ಆ ಮನೆಯಲ್ಲಿ ಇನ್ನು ಬೇಡ, ತಮಾಷೆಗೂ ಬೇಡ, ಗಂಡ ತನ್ನ ಮೇಲೆಯೇ ಹೇಳಿಕೊಂಡರೂ ಬೇಡ. ಎರಡನೆಯದು, ಕ್ಷಮೆಯನ್ನು ಗಾದೆ ಕೇಳಿದ ಕಿವಿಗಳ ಮುಂದೆಯೇ ಕೇಳಬೇಕು, ಮತ್ತು ಮಾತು ಹಿಟ್ಟಿನಿಂದ ಶುರುವಾಗಬೇಕು. “ನಿನಗೆ ಬೇಸರವಾಗಿದ್ದರೆ” ಎಂದು ಶುರು ಮಾಡಿದರೆ ತಪ್ಪು ಮತ್ತೆ ಆಕೆಯ ಮನಸ್ಸಿನ ಮೇಲೇ ಬೀಳುತ್ತದೆ. ಮೇಷ್ಟ್ರಿಗೆ ಇದು ಕಷ್ಟವೆನಿಸಿತು. ಚಿಕ್ಕಮ್ಮಂದಿರ ಮುಂದೆ ಹೆಂಡತಿಯ ಕ್ಷಮೆ ಕೇಳಿದರೆ ಅದೇ ಇನ್ನೊಂದು ನಗೆಗೆ ದಾರಿಯಾಗುತ್ತದೆ ಎಂದರು. ಆಗಬಹುದು ಎಂದೆ. ಆ ನಗೆಯಾದರೂ ನಿಮ್ಮ ಮೇಲಿರಲಿ ಎಂದೆ. ಈ ಮಾತು ಗಡುಸಾಯಿತೇ ಎಂದು ಆ ರಾತ್ರಿ ಯೋಚಿಸಿದ್ದೂ ಉಂಟು.

ಯುಗಾದಿಗೆ ಊರಿಗೆ ಹೋದಾಗ ಅವರು ಅಡುಗೆಮನೆಯಲ್ಲಿ ನಿಂತು, “ಅಮಾವಾಸ್ಯೆಯ ದಿನ ಹಿಟ್ಟು ಹಳೆಯದಿತ್ತು, ಬೀಸಿಸಿ ತಂದವನು ನಾನೇ. ಇವಳು ಹೇಳಿದ್ದು ಸರಿ, ನಾನು ಆಡಿದ ಮಾತು ತಪ್ಪು” ಎಂದರಂತೆ. ಯಾರೂ ನಗಲಿಲ್ಲ. ಹಿರಿಯ ಚಿಕ್ಕತ್ತೆ ಹಂಚಿನ ಮೇಲಿನ ರೊಟ್ಟಿ ತಿರುವುತ್ತ, “ಹಿಟ್ಟು ಹಳತು ಎಂದು ನಮಗೂ ಗೊತ್ತಿತ್ತವ್ವ. ನಾವೂ ಅವತ್ತು ಎಸರು ಹಾಕಿಯೇ ನಾದಿದ್ದೆವು” ಎಂದು ಸೊಸೆಗೆ ಹೇಳಿದರಂತೆ. ಆಕೆ ಫೋನಿನಲ್ಲಿ ನನಗೆ ಇದನ್ನು ಎರಡು ಸಲ ಹೇಳಿದರು. ಎರಡನೆಯ ಸಲ ಹೇಳುವಾಗ ಅಳುತ್ತಿದ್ದರು.