ಪಕ್ಕದ ಓವನ್ ಬಿಸಿಯಾದರೆ ಇದ್ಯಾಕೆ ಬಿಸಿ?

"12 ಬಿಟ್ ಎಡಿಸಿ ಮುಂದೆ LM358 ಫಾಲೋವರ್ ಇದೆ. ಚಾನೆಲ್ ಬದಲಾದ ಮೇಲೆ 2 ಮೈಕ್ರೋಸೆಕೆಂಡ್ ಕಾದರೆ ಸಾಕಾ? ಇಲ್ಲ ಜಾಸ್ತಿ ಬ್ಯಾಂಡ್‌ವಿಡ್ತ್ ಇರೋ ಆಪ್-ಆಂಪ್ ಹಾಕಬೇಕಾ?"

ಅದೇ 2 ಮೈಕ್ರೋಸೆಕೆಂಡ್ ನನ್ನ ಕೈಯನ್ನೂ ಸುಟ್ಟಿತ್ತು. ನಮ್ಮದು ಎಂಟು ಓವನ್‌ಗಳ ಬಿಸಿ ಅಳೆಯುವ ಬೋರ್ಡ್. ಮಕ್ಸ್, ಅದರ ಹಿಂದೆ LM358 ಫಾಲೋವರ್, ಆಮೇಲೆ ಎಡಿಸಿ. ಬೆಂಚಿನ ಮೇಲೆ ಎಲ್ಲ ಸರಿಯಿತ್ತು. ಸೈಟಿನಲ್ಲಿ ಮೂರನೇ ಓವನ್ ಹಚ್ಚಿದರೆ ತಣ್ಣಗಿದ್ದ ನಾಲ್ಕನೆಯದೂ ಬಿಸಿ ಅಂತ ತೋರಿಸುತ್ತಿತ್ತು! ಮಕ್ಸ್ ಲೀಕ್ ಆಗುತ್ತಿದೆ ಅಂದುಕೊಂಡು ಸುಮ್ನೆ ಮೂರು ಚಿಪ್ ಬದಲಿಸಿದೆ.

ನನ್ನ ಲೆಕ್ಕ ಹೀಗಿತ್ತು. ಬ್ಯಾಂಡ್‌ವಿಡ್ತ್ 0.7 ಮೆಗಾಹರ್ಟ್ಸ್. ಫಾಲೋವರ್‌ನ ಗೇನ್ 1, ಹಾಗಾಗಿ ಅಷ್ಟೂ ಸಿಗುತ್ತದೆ.

```
tau = 1/(2*pi*f) = 0.23 us
t   = tau * ln(step/error)
```

ಪ್ರತಿ 0.23 ಮೈಕ್ರೋಸೆಕೆಂಡಿಗೆ 100 ಇದ್ದ ತಪ್ಪು 37ಕ್ಕೆ ಇಳಿಯುತ್ತದೆ. 5 ವೋಲ್ಟ್ ರೆಫರೆನ್ಸ್‌ಗೆ 12 ಬಿಟ್‌ನ ಅರ್ಧ ಎಲ್‌ಎಸ್‌ಬಿ ಅಂದರೆ 0.61 ಮಿಲಿವೋಲ್ಟ್. ಬೆಂಚಿನಲ್ಲಿ 50 ಮಿಲಿವೋಲ್ಟ್ ಸ್ಟೆಪ್ ಕೊಟ್ಟಿದ್ದೆ. 1 ಮೈಕ್ರೋಸೆಕೆಂಡಿನಲ್ಲಿ ಸೆಟ್ಲ್ ಆಯಿತು. ಅದರ ಎರಡು ಪಟ್ಟು ಇಟ್ಟು ನಿಶ್ಚಿಂತೆಯಾದೆ.

ತಪ್ಪಿದ್ದು ಆ 50 ಮಿಲಿವೋಲ್ಟ್‌ನಲ್ಲೇ. ಈ ಸೂತ್ರ ನಡೆಯುವುದು ಸ್ಟೆಪ್ ಚಿಕ್ಕದಿದ್ದಾಗ ಮಾತ್ರ. LM358 ಔಟ್‌ಪುಟ್ ಮೈಕ್ರೋಸೆಕೆಂಡಿಗೆ ಸುಮಾರು 0.3 ವೋಲ್ಟ್‌ಗಿಂತ ವೇಗವಾಗಿ ಓಡುವುದೇ ಇಲ್ಲ. ಅದೇ ಸ್ಲ್ಯೂ ರೇಟ್. ಅದನ್ನು tauಗೆ ಗುಣಿಸಿದರೆ ಸುಮಾರು 70 ಮಿಲಿವೋಲ್ಟ್. ಅಂತರ ಅದಕ್ಕಿಂತ ಜಾಸ್ತಿ ಇರುವಷ್ಟು ಹೊತ್ತು ಔಟ್‌ಪುಟ್ ನೇರ ಗೆರೆಯಲ್ಲಿ ತೆವಳುತ್ತದೆ, ಬ್ಯಾಂಡ್‌ವಿಡ್ತ್‌ನ ಮಾತೇ ಬರುವುದಿಲ್ಲ. ಸೈಟಿನಲ್ಲಿ ಎರಡು ಓವನ್‌ಗಳ ನಡುವೆ 1 ವೋಲ್ಟ್ ಅಂತರ ಇತ್ತು. 2 ಮೈಕ್ರೋಸೆಕೆಂಡಿನಲ್ಲಿ 0.6 ವೋಲ್ಟ್ ಇಳಿದಿತ್ತು, ಇನ್ನೂ 0.4 ವೋಲ್ಟ್ ಬಾಕಿ. ಆ ಬಾಕಿಯನ್ನೇ ನಾಲ್ಕನೇ ಓವನ್‌ನ ಬಿಸಿ ಅಂತ ಓದುತ್ತಿದ್ದೆ.

ನಿಮ್ಮ ಸಿಗ್ನಲ್ 3.5 ವೋಲ್ಟ್ ಜಿಗಿಯಬಹುದು ಅಂತಿಟ್ಟುಕೊಳ್ಳಿ. ತೆವಳುವುದಕ್ಕೇ 11.4 ಮೈಕ್ರೋಸೆಕೆಂಡ್ ಬೇಕು. ಕೊನೆಯ 70 ಮಿಲಿವೋಲ್ಟ್‌ನಿಂದ 0.61ಕ್ಕೆ ಬರಲು ಬರೀ 1.1. ಒಟ್ಟು 12.5. ನಿಖರತೆ ಇಲ್ಲಿ ಅಗ್ಗ: ಒಂದೊಂದು ಬಿಟ್‌ಗೂ ಸೇರುವುದು 0.69 tau, ಅಂದರೆ 0.16 ಮೈಕ್ರೋಸೆಕೆಂಡ್ ಅಷ್ಟೇ.

ಹಾಗಾಗಿ ಬರೀ ಬ್ಯಾಂಡ್‌ವಿಡ್ತ್ ನೋಡಿ ಆಪ್-ಆಂಪ್ ಕೊಳ್ಳಬೇಡಿ. ನಿಜಕ್ಕೂ ವೇಗ ಬೇಕಿದ್ದರೆ ಮೊದಲು ಸ್ಲ್ಯೂ ರೇಟ್ ನೋಡಿ. ಆದರೆ ಬೇಕಾ ಅಂತ ನನಗೆ ಅನುಮಾನ. ನಾನು ಕೋಡ್‌ನಲ್ಲಿ 2 ಅನ್ನು 25 ಮಾಡಿದೆ. ಎಂಟು ಚಾನೆಲ್‌ಗೆ ಕಾಯುವುದು 200 ಮೈಕ್ರೋಸೆಕೆಂಡ್. ಓವನ್‌ಗೆ ಅದೇನು ಅವಸರ, ಅಲ್ವಾ?

ಪರೀಕ್ಷೆಗೆ ಸ್ಕೋಪ್ ನಂಬಬೇಡಿ, 3.5 ವೋಲ್ಟ್ ತೋರಿಸುವ ಪರದೆಯಲ್ಲಿ 0.6 ಮಿಲಿವೋಲ್ಟ್ ಕಾಣಿಸುವುದಿಲ್ಲ. ಒಂದು ಚಾನೆಲ್‌ಗೆ 0, ಪಕ್ಕದ್ದಕ್ಕೆ 3.5 ವೋಲ್ಟ್ ಕೊಡಿ. ಕಾಯುವ ಸಮಯ ಎರಡು ಪಟ್ಟು ಮಾಡಿದರೂ ಎಡಿಸಿ ಅಂಕಿ ಕದಲದಿದ್ದರೆ ಸಾಕು. ಅಂಕಿ ಮೇಲೆ ಕೆಳಗೆ ಓಲಾಡಿದರೆ ಔಟ್‌ಪುಟ್‌ಗೆ ಉದ್ದ ಕೇಬಲ್ ಹಾಕಿದ್ದೀರಾ ನೋಡಿ. ಕೇಬಲ್‌ನ ಕೆಪಾಸಿಟೆನ್ಸ್‌ನಿಂದ ರಿಂಗಿಂಗ್ ಶುರುವಾದರೆ ಮೇಲಿನ ಲೆಕ್ಕ ಯಾವುದೂ ಹಿಡಿಯುವುದಿಲ್ಲ.